ಆಡಿಯೋ ವೇಗ ಹೆಚ್ಚಿಸಿದರೆ ಪ್ರಶ್ನೆ ಕಷ್ಟ ಆಗಲ್ಲ, ಕೆಡುತ್ತೆ

ಭಾಷಾ ಪರೀಕ್ಷೆಯಲ್ಲಿ ಆಲಿಸುವ ಭಾಗ ತುಂಬಾ ಸುಲಭವಾಯ್ತು ಅನ್ನಿಸಿದರೆ ನಾವು ಮಾಡೋದು ಎರಡೇ ಕೆಲಸ: ಆಡಿಯೋ ವೇಗ ಹೆಚ್ಚಿಸೋದು, ಇಲ್ಲಾ ನಾಲ್ಕು ಕಠಿಣ ಪದ ತುರುಕೋದು. ನಾನೂ ಇದನ್ನೇ ಮಾಡ್ತಿದ್ದೆ. ಈಗ ನಾನು ಮೊದಲು ನೋಡೋದು ಉತ್ತರ ಆಡಿಯೋದಲ್ಲಿ ಎಲ್ಲಿದೆ ಅನ್ನೋದನ್ನ.

ಕನ್ನಡ ಕಲಿಯುತ್ತಿದ್ದ ವಯಸ್ಕರಿಗೆ ಒಂದು ಫೋನ್ ಮಾತುಕತೆ ಬರೆದಿದ್ದೆ: "ಸಭೆ ಮಂಗಳವಾರ ಅಂತಿತ್ತಲ್ವಾ, ಅವತ್ತು ಹಾಲ್ ಸಿಗಲ್ವಂತೆ. ಬುಧವಾರ ಇಟ್ಕೊಳ್ಳೋಣ. ಹಳೇ ವರದಿ ತನ್ನಿ, ಹೊಸದು ತರಬೇಕಾಗಿಲ್ಲ." ಪ್ರಶ್ನೆ ಎರಡು: ಸಭೆ ಯಾವತ್ತು? ಏನು ತರಬೇಕು? ಒಂದೇ ಸಲ ಕೇಳಿಸಿ ಉತ್ತರ ಬರೆಸಿದೆ.

ಎರಡನೆಯದಕ್ಕೆ 30 ಜನರಲ್ಲಿ ಸರಿ ಬರೆದವರು 9. ಅಷ್ಟೇ ಆಗಿದ್ದರೆ ಪ್ರಶ್ನೆ ಕಷ್ಟ ಅಂತ ಬಿಟ್ಟುಬಿಡ್ತಿದ್ದೆ. ಆದರೆ ಒಟ್ಟು ಅಂಕದಲ್ಲಿ ಮೇಲಿದ್ದ 10 ಜನರಲ್ಲಿ 3 ಮಂದಿ ಸರಿ ಬರೆದಿದ್ದರೆ, ಕೆಳಗಿದ್ದ 10 ಜನರಲ್ಲಿ 4 ಮಂದಿ! ಚೆನ್ನಾಗಿ ಬಲ್ಲವರೇ ಎಡವುತ್ತಿದ್ದಾರೆ ಅಂದ್ರೆ ತಪ್ಪು ಅವರದಲ್ಲ, ಪ್ರಶ್ನೆಯದು. ವಿಚಾರಿಸಿದಾಗ ಗೊತ್ತಾಯ್ತು, ಅವರು 'ಬುಧವಾರ' ಅಂತ ಬರೆಯೋಕೆ ತಲೆ ಬಗ್ಗಿಸಿದ್ದರು, ಅಷ್ಟರಲ್ಲಿ ವರದಿಯ ಮಾತು ಮುಗಿದೇ ಹೋಗಿತ್ತು. ಮೊದಲನೆಯದನ್ನ ಕೈಬಿಟ್ಟವರಿಗೆ ಮಾತ್ರ ಎರಡನೆಯದು ಕೇಳಿಸಿತ್ತು. ನಾನು ಅಳೆದಿದ್ದು ಬರೆಯುವ ವೇಗವನ್ನ.

ಎರಡು ಉತ್ತರಗಳ ನಡುವೆ ಹಾಲ್ ಬಗ್ಗೆ ಸುಮಾರು ಹದಿನೈದು ಸೆಕೆಂಡಿನ ಗೊಣಗಾಟ ಸೇರಿಸಿದೆ. ಅದರ ಮೇಲೆ ಪ್ರಶ್ನೆ ಕೇಳಲಿಲ್ಲ. ಮುಂದಿನ ತಂಡದಲ್ಲೂ 30 ಜನ. 17 ಮಂದಿ ಸರಿ ಬರೆದರು, ಮೇಲಿನ ಹತ್ತರಲ್ಲಿ 9, ಕೆಳಗಿನ ಹತ್ತರಲ್ಲಿ 3. ವೇಗ ಮೊದಲಿನದೇ, ಪದಗಳೂ ಅವೇ.

ಹಾಗಾದರೆ ನಿಜವಾಗಿ ಕಷ್ಟ ಮಾಡಬೇಕಾದಾಗ? ಆಡಿಯೋ ಮುಟ್ಟದೆ ಪ್ರಶ್ನೆ ಬದಲಿಸಿ. "ಸಭೆ ಯಾವತ್ತು" ಅನ್ನೋದಕ್ಕೆ ಕಿವಿಗೆ ಬಿದ್ದ ಪದವನ್ನೇ ಇಳಿಸಿದರೆ ಸಾಕು. "ದಿನ ಯಾಕೆ ಬದಲಾಯ್ತು" ಅಂತ ಕೇಳಿ, ಆಯ್ಕೆಯಲ್ಲಿ 'ಜಾಗ ಇಲ್ಲದ್ದರಿಂದ' ಅಂತ ಕೊಟ್ಟರೆ 'ಹಾಲ್ ಸಿಗಲ್ವಂತೆ' ಅನ್ನೋದು ಅರ್ಥ ಆಗಿರಲೇಬೇಕು. ತಪ್ಪು ಆಯ್ಕೆಗಳೂ ಆಡಿಯೋದಿಂದಲೇ ಬರಬೇಕು. ಮಾತಲ್ಲೇ ಇಲ್ಲದ 'ಭಾನುವಾರ'ವನ್ನ ಯಾರೂ ಆರಿಸಲ್ಲ.

ಕನ್ನಡದಲ್ಲಿ ಇನ್ನೊಂದು ವಿಷಯ ಇದೆ. ನಮ್ಮಲ್ಲಿ 'ಇಲ್ಲ' ಅನ್ನೋ ನಿಷೇಧ ಬರೋದು ಮಾತಿನ ಬಾಲದಲ್ಲಿ. 'ಹೊಸದು ತರಬೇಕಾಗಿ…' ತನಕ ಕೇಳಿ ಪೆನ್ ಎತ್ತಿದವರು ತಪ್ಪಿದರು. ಇದು ನ್ಯಾಯವಾದ ಕಷ್ಟ ಅಂತಲೇ ನನ್ನ ವಾದ, ಆ 'ಇಲ್ಲ' ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿ ಕೇಳುವವರೆಗೆ. ವೇಗ ಹೆಚ್ಚಿಸಿದರೆ ಮೊದಲು ನುಂಗಿಹೋಗೋದು ಅದೇ ಅಕ್ಷರ.