ಬೇಕಾದಾಗ ಮಾರಬಹುದು ಎಂದವರು ಕೊಳ್ಳುವವರನ್ನೂ ತೋರಿಸಲಿ

ಗ್ರಾಂ ಲೆಕ್ಕದಲ್ಲಿ ಚಿನ್ನದ ದರಕ್ಕೆ ಕಟ್ಟಿಕೊಂಡ ಸರ್ಕಾರಿ ಸಾಲಪತ್ರವಾದ ಸಾವರಿನ್ ಗೋಲ್ಡ್ ಬಾಂಡನ್ನು ಬೇಕೆಂದಾಗ ಷೇರುಪೇಟೆಯಲ್ಲಿ ಮಾರಿ ಹಣ ಮಾಡಿಕೊಳ್ಳಬಹುದು ಎಂದು ವಯಸ್ಸಾದವರಿಗೆ ಭರವಸೆ ಕೊಟ್ಟ ಬ್ಯಾಂಕಿನವರ ಮೇಲೆ ನನಗೆ ಬಂದಿರುವ ಸಿಟ್ಟು ಇನ್ನೂ ಇಳಿದಿಲ್ಲ. ಶಿರಸಿಯ ನಮ್ಮ ಮನೆಯಲ್ಲಿ ಆಯಿಯ ಹೆಸರಿನಲ್ಲಿ 40 ಗ್ರಾಂ ಬಾಂಡ್ ಇದೆ. ಅಡಿಕೆ ಮಾರಿದ ದುಡ್ಡಿನಲ್ಲಿ ಅವಳು ಅದನ್ನು ಕೊಳ್ಳುವಾಗ, "ಅಮ್ಮ, ಎಂಟು ವರ್ಷದ ಬಾಂಡ್ ಅಂತ ಹೆದರಬೇಡಿ, ಯಾವಾಗ ಬೇಕಾದರೂ ಮಾರಬಹುದು" ಎಂದು ಕೌಂಟರಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಈಗ ಅವಳ ಮಂಡಿಯ ಶಸ್ತ್ರಚಿಕಿತ್ಸೆಗೆ ಹಣ ಬೇಕಾದಾಗ ಆ ಮಾತಿನ ಬೆಲೆ ಗೊತ್ತಾಯಿತು.

ಡಿಮ್ಯಾಟ್ ಖಾತೆಯ ಪರದೆಯ ಮೇಲೆ ಆ ದಿನ ಗ್ರಾಂಗೆ 9,210 ರೂಪಾಯಿ ಎಂದಿತ್ತು, ಅಂದರೆ 40 ಗ್ರಾಂಗೆ 3,68,400. ಆದರೆ ಅದು ಕೊನೆಯ ವಹಿವಾಟು ನಡೆದ ದರ ಮಾತ್ರ. ಯಾರೋ ಎಲ್ಲೋ ಒಂದೆರಡು ಗ್ರಾಂ ಮಾರಿದಾಗ ಸಿಕ್ಕ ದರವೂ ಅದಾಗಿರಬಹುದು. ಆ ದರಕ್ಕೆ ನಮ್ಮ 40 ಗ್ರಾಂ ಕೊಳ್ಳುವವರು ಯಾರಾದರೂ ಇದ್ದಾರೆ ಎಂದು ಅದರ ಅರ್ಥವಲ್ಲ. ಯಾವ ದರಕ್ಕೆ ಎಷ್ಟು ಗ್ರಾಂ ಕೊಡುಕೊಳ್ಳುವವರಿದ್ದಾರೆ ಎಂದು ತೋರಿಸುವ ಮಾರ್ಕೆಟ್ ಡೆಪ್ತ್ ತೆರೆದು ನೋಡಿದರೆ ನಿಜ ಕಾಣುತ್ತದೆ. ಕೊಳ್ಳುವವರ ಕಡೆ, ಅಂದರೆ ಬಿಡ್ ಕಡೆ, 9,050ಕ್ಕೆ 4 ಗ್ರಾಂ, 9,020ಕ್ಕೆ 6, 8,950ಕ್ಕೆ 10, 8,900ಕ್ಕೆ 5, ಆಮೇಲೆ 8,800ಕ್ಕೆ 25 ಗ್ರಾಂ ಬೇಡಿಕೆ ಇತ್ತು. ಮಾರುವವರ ಕಡೆ, ಅಂದರೆ ಆಸ್ಕ್ ಕಡೆ, ಅತಿ ಕಡಿಮೆ ದರ 9,240. ಬಿಡ್ ಮತ್ತು ಆಸ್ಕ್ ನಡುವಿನ ಈ 190 ರೂಪಾಯಿ ಅಂತರವೇ ಸ್ಪ್ರೆಡ್, ಹೆಚ್ಚುಕಡಿಮೆ ಶೇಕಡಾ ಎರಡು.

ಸ್ಪ್ರೆಡ್ ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ಡೆಪ್ತ್ ಇಲ್ಲದಿರುವುದು. ಪರದೆಯಲ್ಲಿ ಮೊದಲೇ ಆಯ್ಕೆಯಾಗಿ ಕುಳಿತಿದ್ದ, ಸಿಕ್ಕ ದರಕ್ಕೆ ಮಾರಿಬಿಡುವ ಮಾರ್ಕೆಟ್ ಆರ್ಡರನ್ನು ಹಾಗೆಯೇ ಒತ್ತಿದ್ದರೆ ಮೊದಲ 4 ಗ್ರಾಂ 9,050ಕ್ಕೆ ಹೋಗಿ, ಮೇಲಿನ ಬೇಡಿಕೆಗಳು ಒಂದೊಂದಾಗಿ ಮುಗಿದು, ಕೊನೆಯ 15 ಗ್ರಾಂ 8,800ಕ್ಕೆ ಇಳಿಯುತ್ತಿತ್ತು. ಒಟ್ಟು ಕೈಗೆ ಬರುತ್ತಿದ್ದುದು 3,56,320 ರೂಪಾಯಿ, ಗ್ರಾಂಗೆ ಸರಾಸರಿ 8,908. ಚಿನ್ನದ ದರ ಒಂದು ರೂಪಾಯಿಯೂ ಇಳಿಯದೆ ಪರದೆಯ ಮೇಲಿನ ಲೆಕ್ಕದಿಂದ 12,080 ರೂಪಾಯಿ ಕರಗುತ್ತಿತ್ತು, ದಲ್ಲಾಳಿ ಶುಲ್ಕ ಬೇರೆ. ಎಪ್ಪತ್ತು ದಾಟಿದ ಹೆಂಗಸಿಗೆ ಇದನ್ನು ಹೇಳುವ ಕರ್ತವ್ಯ ಯಾರಿಗೂ ಇರಲಿಲ್ಲವೇ?

ಚಿನ್ನಕ್ಕೆ ಗಿರಾಕಿಗಳಿಲ್ಲದೆ ಹೀಗಾಗುವುದಲ್ಲ. 2015ರ ನವೆಂಬರಿನಿಂದ 2024ರ ಫೆಬ್ರುವರಿಯವರೆಗೆ ಈ ಬಾಂಡುಗಳು ಹತ್ತಾರು ಸರಣಿಗಳಲ್ಲಿ ಬಂದವು, ಪ್ರತಿ ಸರಣಿಯ ವಹಿವಾಟೂ ಪೇಟೆಯಲ್ಲಿ ಬೇರೆಬೇರೆಯಾಗಿಯೇ ನಡೆಯುತ್ತದೆ. ನಮ್ಮೂರಿನ ಅಡಿಕೆಯ ಪ್ರತಿ ರಾಶಿಯನ್ನೂ ಒಂದೊಂದು ಬೇರೆ ಅಂಗಳದಲ್ಲಿ ಟೆಂಡರಿಗೆ ಇಟ್ಟು, ವ್ಯಾಪಾರಿಗಳನ್ನು ಅಷ್ಟೂ ಅಂಗಳಗಳಿಗೆ ಹಂಚಿಬಿಟ್ಟರೆ ದರ ಏನಾದೀತೋ ಇಲ್ಲೂ ಅದೇ ಆಗಿದೆ. ಕೊಂಡವರಲ್ಲಿ ಹೆಚ್ಚಿನವರು ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವವರಾದ್ದರಿಂದ ದಿನವೂ ಕೊಡುಕೊಳ್ಳುವವರು ಕಡಿಮೆ. ಷೇರಿನಂತೆ ಪೇಟೆಯಲ್ಲಿ ಕೊಡುಕೊಳ್ಳುವ ಫಂಡಾದ ಚಿನ್ನದ ಇಟಿಎಫ್‌ನಲ್ಲಿ ಎರಡೂ ಕಡೆ ದರ ಹಾಕಿ ನಿಲ್ಲುವ ಮಾರ್ಕೆಟ್ ಮೇಕರ್‌ಗಳಿರುತ್ತಾರೆ. ಅವರು ಫಂಡಿಗೆ ಚಿನ್ನವನ್ನೋ ಹಣವನ್ನೋ ಕೊಟ್ಟು ಹೊಸ ಯೂನಿಟ್ ಪಡೆಯಬಲ್ಲರು, ಯೂನಿಟ್ ಮರಳಿಸಿ ಹಿಂಪಡೆಯಲೂ ಬಲ್ಲರು, ಆದ್ದರಿಂದ ದೊಡ್ಡ ಇಟಿಎಫ್‌ಗಳಲ್ಲಿ ಸ್ಪ್ರೆಡ್ ಕಿರಿದಾಗಿರುತ್ತದೆ. ಬಾಂಡಿಗೆ ಆ ದಾರಿಯಿಲ್ಲ. ಇಂದು ಕೊಂಡವನು ರಿಸರ್ವ್ ಬ್ಯಾಂಕಿಗೆ ಮರಳಿಸಬೇಕೆಂದರೆ ವಿತರಣೆಯಾಗಿ ಐದು ವರ್ಷ ತುಂಬಿದ ಮೇಲೆ, ಅದೂ ಬಡ್ಡಿ ಬೀಳುವ ದಿನಗಳಂದು ಮಾತ್ರ ಸಾಧ್ಯ. ಅಷ್ಟು ಕಾಲ ಕಾಯುವ ಕೂಲಿಯನ್ನು ಅವನು ನಮ್ಮ ದರದಿಂದಲೇ ಮುರಿದುಕೊಳ್ಳುತ್ತಾನೆ, ಅದಕ್ಕೆ ಅವನನ್ನು ನಾನು ಬೈಯುವುದಿಲ್ಲ.

ನಾನು 9,100ಕ್ಕೆ ಲಿಮಿಟ್ ಆರ್ಡರ್ ಹಾಕಿದೆ. ಹಾಗೆ ಮಾಡಿದರೆ ದರ ನಮ್ಮ ಹಿಡಿತದಲ್ಲಿರುತ್ತದೆ, ಆದರೆ ಯಾವಾಗ ಮಾರಾಟವಾಗುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಪೇಟೆ ಮುಚ್ಚುವ ಮೂರೂವರೆಗೆ 7 ಗ್ರಾಂ ಹೋಗಿತ್ತು. ಉಳಿದ ಆರ್ಡರ್ ತಾನಾಗಿ ರದ್ದಾಯಿತು, ಮರುದಿನ ಮತ್ತೆ ಹೊಸದಾಗಿ ಹಾಕಬೇಕಾಯಿತು. ಆಸ್ಪತ್ರೆಯವರು ಹೇಳಿದ ತಾರೀಖು ಇದಕ್ಕೆಲ್ಲ ಕಾಯುತ್ತದೆಯೇ? ಕೊನೆಗೆ ಉಳಿದ ಬಾಂಡನ್ನು ಬ್ಯಾಂಕಿನಲ್ಲೇ ಅಡವಿಟ್ಟು ಸಾಲ ತೆಗೆದೆವು. ಬಾಂಡಿನ ಮೇಲೆ ಸಾಲ ಸಿಗುತ್ತದೆ ಎಂಬ ಉಪಯೋಗದ ಮಾತನ್ನು ಅಂದು ಕೌಂಟರಿನಲ್ಲಿ ಯಾರೂ ಎತ್ತಿರಲಿಲ್ಲ.

ಪೇಟೆಯಲ್ಲಿ ನೋಂದಾಯಿತ ಎಂಬ ಒಂದೇ ಕಾರಣಕ್ಕೆ "ಯಾವಾಗ ಬೇಕಾದರೂ ಮಾರಬಹುದು" ಎನ್ನುವುದನ್ನು ಬ್ಯಾಂಕುಗಳು ಮೊದಲು ನಿಲ್ಲಿಸಬೇಕು. ಡಿಮ್ಯಾಟ್ ಆ್ಯಪ್ ಮಾಡುವವರು ಕೊನೆಯ ವಹಿವಾಟಿನ ದರದ ಪಕ್ಕದಲ್ಲಿ, ಖಾತೆಯಲ್ಲಿರುವಷ್ಟನ್ನೂ ಈ ಕ್ಷಣ ಮಾರಿದರೆ ಬಿಡ್‌ಗಳ ಪ್ರಕಾರ ಎಷ್ಟು ಸಿಗುತ್ತದೆ ಎಂಬುದನ್ನೂ ತೋರಿಸಲಿ. ಬೇಕಾದ ಅಂಕಿಗಳು ಅವರ ಪರದೆಯಲ್ಲೇ ಇವೆ, ಗುಣಿಸಿ ಕೂಡಿಸುವುದಷ್ಟೇ ಬಾಕಿ.