ನಂಬರ್ ಬದಲಾದರೆ ಚಾಟ್ ಹೋಗುತ್ತಾ?

"ವಾಟ್ಸಾಪ್ ನಂಬರ್ ಬದಲಾಯಿಸಿದರೆ ಹಳೆ ಚಾಟ್, ಗುಂಪು ಎಲ್ಲಾ ಹೋಗುತ್ತವೆ, ಮೊದಲೇ ಗುಂಪುಗಳಿಂದ ಹೊರಗೆ ಬನ್ನಿ" ಅಂತ ಒಂದು ಫಾರ್ವರ್ಡ್ ಬಂದಿದೆ, ನಿಜವಾ?

ಇಲ್ಲ. ಅದೇ ಫೋನಿನಲ್ಲಿ Settings > Account > Change number ಮೂಲಕ ಬದಲಾಯಿಸಿದರೆ ಚಾಟ್, ಗುಂಪು ಎರಡೂ ಹಾಗೇ ಇರುತ್ತವೆ. ಹೊಸ ಸಿಮ್‌ಗೆ ಎಸ್ಎಂಎಸ್ ಅಥವಾ ಕರೆ ಬರುವಂತಿದ್ದರೆ ಸಾಕು. ನಂಬರ್ ಬದಲಾದದ್ದು ಗುಂಪಿನವರಿಗೆ ತಾನಾಗೇ ಕಾಣುತ್ತದೆ, ಉಳಿದವರಲ್ಲಿ ಯಾರಿಗೆ ತಿಳಿಸಬೇಕು ಅನ್ನೋದು ನಿಮ್ಮ ಆಯ್ಕೆ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಕೆಲವರು ಆ್ಯಪ್ ತೆಗೆದುಹಾಕಿ, ಮತ್ತೆ ಹಾಕಿಕೊಂಡು, ನೇರವಾಗಿ ಹೊಸ ನಂಬರ್ ಕೊಡುತ್ತಾರೆ. ಆಗ ಅದು ಹೊಸ ಖಾತೆ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಬ್ಯಾಕಪ್ ಹಳೆ ನಂಬರಿಗೆ ಅಂಟಿಕೊಂಡಿರುವುದರಿಂದ ಚಾಟ್ ವಾಪಸ್ ಬರುವುದಿಲ್ಲ, ಗುಂಪುಗಳೂ ಕಾಣುವುದಿಲ್ಲ. ಫೋನೂ ಹೊಸದಾದರೆ ಜಾಸ್ತಿ ಜನ ಎಡವುವುದು ಇಲ್ಲೇ. ಮೊದಲು ಹಳೆ ಫೋನಿನಲ್ಲೇ ನಂಬರ್ ಬದಲಾಯಿಸಿ, ಆಮೇಲೆ ಬ್ಯಾಕಪ್ ತೆಗೆದು, ಕೊನೆಗೆ ಹೊಸ ಫೋನಿಗೆ ಹೋಗಿ.

ಫಾರ್ವರ್ಡ್ ಬೇಡ, ನನ್ನ ಮಾತೂ ಬೇಡ ಅಂದರೆ Change number ಒತ್ತಿ ನೋಡಿ: ಏನೇನು ಹೊಸ ನಂಬರಿಗೆ ಹೋಗುತ್ತದೆ ಅಂತ ಆ ಪರದೆಯಲ್ಲೇ ಬರೆದಿದೆ, ಓದಿ ಹಿಂದೆ ಬಂದರೆ ಏನೂ ಬದಲಾಗುವುದಿಲ್ಲ.