ಕುರ್ಚಿ ಮೇಲೆ ಹಾಜರಿ

ಬಾಗಲಕೋಟೆ ಜಿಲ್ಲೆಯ ಯಾವುದೋ ಒಂದು ಸಕ್ಕರೆ ಕಾರ್ಖಾನೆ ಅಂತ ಇಟ್ಟುಕೊಳ್ಳಿ. ಮುಧೋಳ ಕಡೆಯದೋ, ಜಮಖಂಡಿ ಕಡೆಯದೋ, ಹೇಗೂ ಇದು ಕಟ್ಟುಕತೆ. ಜನವರಿ, ಕಬ್ಬು ನುರಿಸುವ ಹಂಗಾಮು ಜೋರಾಗಿದೆ. ರಾತ್ರಿ ಪಾಳಿಯಲ್ಲಿ ಬಾಯ್ಲರ್‌ಗೆ ಸಿಪ್ಪೆ ಒಯ್ಯುವ ಬೆಲ್ಟಿನ ಹಿಂದಿನ ರಾಟೆಗೆ ಒಬ್ಬ ಕಾರ್ಮಿಕನ ಎಡಗೈ ಸಿಕ್ಕಿತು. ಎರಡು ಬೆರಳು ಹೋದವು, ಮುಂಗೈ ಮುರಿಯಿತು. ಬೆಳಿಗ್ಗೆ ಆಫೀಸಿನಲ್ಲಿ ಕಾರ್ಖಾನೆ ಇನ್ಸ್‌ಪೆಕ್ಟರ್‌ಗೆ ಕಳಿಸುವ ತಿಳಿವಳಿಕೆ ಪತ್ರ ತಯಾರಾಯಿತು:

"ಮಾನ್ಯರೇ, ದುರ್ದೈವವಶಾತ್ ನಮ್ಮ ಪ್ರೀತಿಯ ಕಾರ್ಮಿಕ ಬಂಧುವೊಬ್ಬರು ತಮ್ಮ ಕರ್ತವ್ಯದಲ್ಲಿ ನಿರತರಾಗಿದ್ದಾಗ, ಅವರದೇ ಅಜಾಗರೂಕತೆಯಿಂದ, ಕೈಗೆ ಸಣ್ಣ ಪೆಟ್ಟಾಗಿರುತ್ತದೆ. ಆಡಳಿತ ಮಂಡಳಿ ತೀವ್ರ ದುಃಖ ವ್ಯಕ್ತಪಡಿಸುತ್ತದೆ."

ಓದಿದರೆ ಪತ್ರ ಎಲ್ಲಿಗೆ ಹೊರಟಿದೆ ಅನ್ನೋದೇ ತಿಳಿಯೋದಿಲ್ಲ, ಇಲಾಖೆಗೋ ಶ್ರದ್ಧಾಂಜಲಿ ಸಭೆಗೋ. ಬದುಕಿರುವ ಮನುಷ್ಯನಿಗೆ ಇಷ್ಟು ದುಃಖ ಯಾಕೆ?

ಇಲಾಖೆಯ ಅಪಘಾತ ನಮೂನೆಯಲ್ಲಿ ದುಃಖಕ್ಕೆ ಕಲಂ ಇಲ್ಲ. ಕೇಳೋದು ಸಾದಾ ಸಂಗತಿಗಳನ್ನು. ಗಾಯಾಳು ಯಾರು, ವಯಸ್ಸೆಷ್ಟು, ಅವನ ಕೆಲಸ ಏನು. ಅಪಘಾತ ಎಲ್ಲಿ, ಎಷ್ಟು ಗಂಟೆಗೆ. ಅವತ್ತು ಅವನು ಕೆಲಸಕ್ಕೆ ಹತ್ತಿದ್ದು ಎಷ್ಟಕ್ಕೆ. ಯಾವ ಯಂತ್ರ, ಅದರ ಯಾವ ಭಾಗ, ಆಗ ಅದು ಶಕ್ತಿಯಿಂದ ಚಲಿಸುತ್ತಿತ್ತಾ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕ್ಷಣದಲ್ಲಿ ಅವನು ನಿಖರವಾಗಿ ಏನು ಮಾಡುತ್ತಿದ್ದ.

ಈ ಕೊನೆಯ ಪ್ರಶ್ನೆಗೆ ಆಫೀಸ್ ಬೆವರಿತು.

"ಸರ, ಖರೇ ಏನೈತೋ ಅದನ್ನ ಬರೀಲೇನ್ರೀ?" ಅಂತ ಟೈಪ್ ಮಾಡುವ ಹುಡುಗ ಕೇಳಿದ.

"ಏನೈತಿ ಖರೇ?"

"ಬೆಲ್ಟ್ ಓಡಾಕತ್ತಿತ್ರೀ. ರಾಟೆಗೆ ಹತ್ತಿದ್ದ ಸಿಪ್ಪೆ ಕೆರಿಯಾಕ ಹೋಗಿದ್ನಂತ. ಜಾಳಿಗಿ ಎರಡ್ ದಿನದಿಂದ ಬಿಚ್ಚಿಟ್ಟಿದ್ರು."

"'ಕರ್ತವ್ಯದಲ್ಲಿ ನಿರತ' ಅಂತ ಬರಿ. ಅದರಾಗ ಎಲ್ಲಾ ಬಂತಲ್ಲ!"

ಎಲ್ಲಾ ಬಂತು, ಬಿಟ್ಟುಹೋಗಿದ್ದು ಅಪಘಾತ ಮಾತ್ರ. ಓಡುವ ಬೆಲ್ಟನ್ನು ಯಾಕೆ ಕೆರೆಯಬೇಕು ಅಂದರೆ, ನಿಲ್ಲಿಸಿದರೆ ಬಾಯ್ಲರ್‌ಗೆ ಸಿಪ್ಪೆ ಸಾಲದೆ ಉಗಿ ಇಳಿಯುತ್ತದೆ, ಮೇಲಿನವರು ಬೈತಾರೆ. ರಕ್ಷಣೆಗೆ ಇದ್ದ ಜಾಳಿಗೆ ಯಾಕೆ ಬಿಚ್ಚಿದರು ಅಂದರೆ, ಅದಿದ್ದರೆ ಕೆರೆಯೋಕೆ ಆಗಲ್ಲ. ಕಾಯ್ದೆಯ ಪ್ರಕಾರ ಯಂತ್ರ ಓಡುವಾಗ ಜಾಳಿಗೆ ಜಾಗದಲ್ಲೇ ಇರಬೇಕು. "ಓಡುತ್ತಿದ್ದ ಬೆಲ್ಟಿನ ಹಿಂದಿನ ರಾಟೆಯಿಂದ ಸಿಪ್ಪೆ ಕೆರೆಯುತ್ತಿದ್ದರು, ಜಾಳಿಗೆ ಇರಲಿಲ್ಲ, ಬೆಲ್ಟಿಗೂ ರಾಟೆಗೂ ನಡುವೆ ಎಡಗೈ ಸಿಕ್ಕಿತು" ಅಂತ ಬರೆದಿದ್ದರೆ ಮುಗಿದುಹೋಗುತ್ತಿತ್ತು. ಇದರಲ್ಲಿ ಯಾರನ್ನೂ ಬೈದಿಲ್ಲ, ಯಾರನ್ನೂ ಕಾಪಾಡಿಯೂ ಇಲ್ಲ. "ಅಜಾಗರೂಕತೆ" ಅನ್ನೋದು ಸಂಗತಿಯಲ್ಲ, ತೀರ್ಪು. ವಿಚಾರಣೆಗೆ ಮೊದಲೇ ಪತ್ರದಲ್ಲಿ ತೀರ್ಪು ಕೊಟ್ಟರೆ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಏನು ಮಾಡೋದು, ಚಹಾ ಕುಡಿದು ಹೋಗೋದಾ?

ನಿಜವಾದ ಪ್ರತಿಭೆ ತೋರಿದ್ದು 48 ಗಂಟೆಯ ವಿಷಯದಲ್ಲಿ. ಗಾಯಾಳು 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡಲಾಗದಿದ್ದರೆ ತಿಳಿವಳಿಕೆ ಕಳಿಸಲೇಬೇಕು ಅನ್ನುತ್ತಿತ್ತು 1948ರ ಕಾರ್ಖಾನೆ ಕಾಯ್ದೆಯ 88ನೇ ಕಲಂ. ಅದರ ಜಾಗಕ್ಕೆ ಬಂದ 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯೂ ಆ ಗಂಟೆಗಳನ್ನು ಬದಲಿಸಿಲ್ಲ, ಇನ್ಸ್‌ಪೆಕ್ಟರ್‌ರ ಹುದ್ದೆಯ ಹೆಸರನ್ನಷ್ಟೇ ಉದ್ದ ಮಾಡಿತು. ಅದಕ್ಕೇ ಯಾರೋ ಬುದ್ಧಿವಂತರಿಗೆ ಹೊಳೆಯಿತು: ಕೆಲಸಕ್ಕೆ ಬಂದುಬಿಟ್ಟರೆ?

ಎರಡನೇ ದಿನ ಜೀಪಿನಲ್ಲಿ ಆ ಮನುಷ್ಯನನ್ನು ಕರೆತಂದರು. ಕೈಗೆ ಮೊಣಕೈವರೆಗೂ ಪಟ್ಟಿ, ಕೊರಳಿಗೆ ಜೋಳಿಗೆ. ಟೈಮ್ ಆಫೀಸಿನ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂಡಿಸಿದರು. ಬಲಗೈ ಹೆಬ್ಬೆಟ್ಟು ಚೆನ್ನಾಗಿತ್ತು, ಹಾಜರಿ ಬಿತ್ತು. ನಮೂನೆಯಲ್ಲಿ "ಗಾಯಾಳು ಮರಳಿ ಕೆಲಸಕ್ಕೆ ಬಂದಿದ್ದಾರೆಯೇ, ಯಾವಾಗ?" ಅನ್ನುವ ಕಲಂ ಕೂಡ ಇದೆ. ಅದನ್ನು ಮಾತ್ರ ಆಫೀಸಿನವರು ದೊಡ್ಡ ಅಕ್ಷರದಲ್ಲಿ, ಗಂಟೆ ನಿಮಿಷದ ಸಮೇತ ತುಂಬಿದರು. ಉಳಿದ ಕಲಂಗಳಲ್ಲಿ ಇಲ್ಲದ ನಿಖರತೆ ಇಲ್ಲಿ ಬಂದಿತ್ತು!

ದಾಟಿ ಹೋಗುತ್ತಿದ್ದ ಸಹಕಾರ್ಮಿಕ ಕೇಳಿದ, "ಏನ್ ಕೆಲಸ ಕೊಟ್ಟಾರೋ ಅಣ್ಣಾ?"

"ಕುಂದ್ರೂದು ನೋಡಪಾ. ಸಂಜೀತನಕ ಐತಿ."

ಅಷ್ಟರಲ್ಲಿ ಬೆಲ್ಟಿನ ಹತ್ತಿರ ಇನ್ನೊಂದು ಕೆಲಸ ಭರದಿಂದ ಸಾಗಿತ್ತು. ಇಷ್ಟು ದಿನ ಗೋಡೆಗೆ ಒರಗಿ ನಿಂತಿದ್ದ ಜಾಳಿಗೆಯನ್ನು ಕೂರಿಸಿ, ಹೊಸ ಬೋಲ್ಟ್ ಹಾಕಿ, ಹಳದಿ ಬಣ್ಣ ಬಳಿದರು. ಪತ್ರದಲ್ಲಿ ಒಂದು ಸಾಲೂ ಸೇರಿತು: "ಯಂತ್ರಕ್ಕೆ ಸೂಕ್ತ ರಕ್ಷಣಾ ಜಾಳಿಗೆ ಅಳವಡಿಸಲಾಗಿದೆ." ಯಾವಾಗ ಅಂತ ಬರೆದಿರಲಿಲ್ಲ.

ಇನ್ಸ್‌ಪೆಕ್ಟರ್ ಬಂದರು. ಪತ್ರ ಜೇಬಿನಲ್ಲೇ ಇಟ್ಟುಕೊಂಡು ನೇರ ಬೆಲ್ಟಿನ ಹತ್ತಿರ ಹೋದರು. ಸುತ್ತಮುತ್ತಲಿನ ಎಲ್ಲ ಬೋಲ್ಟಿಗೂ ಸಿಪ್ಪೆಪುಡಿ ಮೆತ್ತಿಕೊಂಡಿತ್ತು, ಇವು ನಾಲ್ಕು ಮಾತ್ರ ಫಳಫಳ ಹೊಳೆಯುತ್ತಿದ್ದವು. ಜಾಳಿಗೆ ಮುಟ್ಟಿದರೆ ಬೆರಳಿಗೆ ಹಳದಿ ಹತ್ತಿತು.

"ಇದೇನ್ರೀ ಮ್ಯಾನೇಜರ್?"

"ಥಂಡಿ ಜಾಸ್ತಿ ಐತಲ್ಲರೀ ಸರ, ಬಣ್ಣ ಲಗೂ ಒಣಗವಲ್ದು," ಅಂದರು ಮ್ಯಾನೇಜರ್, ಬಾಯ್ಲರ್ ಕಾವಿಗೆ ಹಣೆ ಬೆವರು ಒರಸಿಕೊಳ್ಳುತ್ತಾ.